ಸಿಸ್ಟ್‌ಗೆ ಮಾತ್ರೆ, ರಕ್ತಕ್ಕೆ ಮೌನ

ಮಲಪರೀಕ್ಷೆಯ ರಿಪೋರ್ಟನ್ನು ಓದುವ ಒಂದು ರೂಢಿ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಹಾಸನದಲ್ಲಿ ಮಾಡಿಸಿದ್ದಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಬೀದಿಯ ಲ್ಯಾಬಿನಲ್ಲಿ ಮಾಡಿಸಿದ್ದಾಗಲಿ, ರಿಪೋರ್ಟು ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಒಂದೇ ಸಾಲಿಗೆ: ‘ಎಂಟಮೀಬಾ ಹಿಸ್ಟೊಲಿಟಿಕಾ ಸಿಸ್ಟ್ ಕಂಡಿದೆ’. ಅದರ ಕೆಳಗೆ ಕೊಕ್ಕೆಹುಳುವಿನ ಮೊಟ್ಟೆ ಒಂದೆರಡು ಎಂದಿರಬಹುದು. ಇನ್ನೂ ಕೆಳಗೆ, ಆಕಲ್ಟ್ ಬ್ಲಡ್ ಪಾಸಿಟಿವ್ ಎಂದಿರಬಹುದು. ಮೂರನ್ನೂ ಸೇರಿಸಿ ಒಂದು ಕಥೆ ತಯಾರಾಗುತ್ತದೆ. ಹೊಟ್ಟೆಯಲ್ಲಿ ಅಮೀಬಾ ಇದೆ, ಜಂತುವೂ ಇದೆ, ಅದಕ್ಕೇ ರಕ್ತ ಹೋಗುತ್ತಿದೆ. ಐದು ದಿನ ಮೆಟ್ರೊನಿಡಜೋಲ್, ಒಂದು ಆಲ್ಬೆಂಡಜೋಲ್, ಜೊತೆಗೆ ಒಂದು ಕಬ್ಬಿಣದ ಮಾತ್ರೆಯ ಚೀಟಿ ಬರೆದರೆ ವಿಷಯ ಮುಗಿಯಿತು ಎಂದು ರೋಗಿಯೂ ಔಷಧಿ ಅಂಗಡಿಯವರೂ ಒಪ್ಪುತ್ತಾರೆ. ಎಷ್ಟೋ ವೈದ್ಯರೂ ಒಪ್ಪುತ್ತಾರೆ. ಈ ಓದು ತಪ್ಪು ಎಂಬುದು ನನ್ನ ವಾದ. ಸ್ವಲ್ಪ ಹೆಚ್ಚುಕಡಿಮೆಯ ತಪ್ಪಲ್ಲ, ತಲೆಕೆಳಗಾದ ತಪ್ಪು. ಬಹುಪಾಲು ಯಾವ ಔಷಧಿಯೂ ಬೇಡದ ಸಿಸ್ಟ್‌ಗೆ ಎಲ್ಲ ಔಷಧಿಯೂ ಸಿಗುತ್ತದೆ. ಕಾರಣ ಹುಡುಕಲೇಬೇಕಾದ ರಕ್ತಕ್ಕೆ, ಸಿಸ್ಟ್ ಎಂಬ ಸುಲಭದ ಉತ್ತರ ಮೊದಲೇ ಸಿಕ್ಕಿಬಿಟ್ಟಿರುವುದರಿಂದ, ಹುಡುಕಾಟವೇ ಸಿಗುವುದಿಲ್ಲ.

ಮೊದಲು ಸಿಸ್ಟ್ ಎಂದರೆ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ನೋಡೋಣ. ಸಾಸಿವೆ ಕಾಳಿಗಿಂತ ಕಡಿಮೆ ಮಲವನ್ನು ಒಂದು ಹನಿ ಉಪ್ಪುನೀರಿನಲ್ಲಿ, ಇನ್ನೊಂದಿಷ್ಟನ್ನು ಅಯೋಡಿನ್ ಹನಿಯಲ್ಲಿ ಕದಡಿ, ಮೇಲೆ ತೆಳುಗಾಜು ಮುಚ್ಚಿ ನೋಡುವುದು ಈ ಪರೀಕ್ಷೆಯ ಕ್ರಮ. ಅಯೋಡಿನ್‌ನಲ್ಲಿ ಸಿಸ್ಟ್ ಹಳದಿಗಂದಿನ ಗುಂಡು. ಅಡ್ಡಳತೆ ಹತ್ತರಿಂದ ಇಪ್ಪತ್ತು ಮೈಕ್ರಾನ್, ಒಳಗೆ ಹೆಚ್ಚೆಂದರೆ ನಾಲ್ಕು ನ್ಯೂಕ್ಲಿಯಸ್. ಇದಕ್ಕಿಂತ ತುಸು ದೊಡ್ಡದಾಗಿ ಎಂಟರವರೆಗೆ ನ್ಯೂಕ್ಲಿಯಸ್ ಇರುವುದು ಎಂಟಮೀಬಾ ಕೋಲೈ. ಅದು ಯಾರಿಗೂ ಕಾಯಿಲೆ ತರುವುದಿಲ್ಲ. ಇನ್ನೂ ಚಿಕ್ಕವು ಎಂಡೊಲಿಮ್ಯಾಕ್ಸ್ ನಾನಾ ಮುಂತಾದವು, ಅವೂ ನಿರಪಾಯ. ಬೆಳಗಿನಿಂದ ಹತ್ತಾರು ಸ್ಯಾಂಪಲ್ ನೋಡಬೇಕಾದ ಟೆಕ್ನಿಷಿಯನ್‌ಗೆ ಎಂಟು ನ್ಯೂಕ್ಲಿಯಸ್ ಎಣಿಸುವಷ್ಟು ಹೊತ್ತು ಒಂದು ಗಾಜಿಗೆ ಸಿಗುವುದಿಲ್ಲ. ಕೆಲವೊಮ್ಮೆ ಬಿಳಿ ರಕ್ತಕಣವೇ ಸಿಸ್ಟ್‌ನಂತೆ ಕಾಣುತ್ತದೆ. ಇದು ಅವರ ಅಸಡ್ಡೆಯ ಮಾತಲ್ಲ, ಬರಿಗಾಜಿನ ಪರೀಕ್ಷೆಯ ಮಿತಿ. ಆದರೂ ಈ ಮಿತಿ ಚಿಕ್ಕದು. ಇದಕ್ಕಿಂತ ದೊಡ್ಡದೊಂದಿದೆ, ಅದನ್ನು ಎಷ್ಟು ಹೊತ್ತು ಕೂತು ನೋಡಿದರೂ ದಾಟಲಾಗದು.

1925ರಲ್ಲಿ ಫ್ರಾನ್ಸಿನ ಎಮಿಲ್ ಬ್ರಂಪ್ಟ್ ಎಂಬ ಪರಾವಲಂಬಿತಜ್ಞ ಒಂದು ಮಾತು ಹೇಳಿದ. ಲೋಕದ ತುಂಬ ಇಷ್ಟು ಜನ ಅಮೀಬಾ ಇಟ್ಟುಕೊಂಡೂ ಆರೋಗ್ಯವಾಗಿರುವುದಕ್ಕೆ ಕಾರಣ, ಒಂದೇ ರೂಪದ ಎರಡು ಬೇರೆ ಅಮೀಬಾಗಳಿರುವುದು. ಒಂದು ಕರುಳನ್ನು ಕೊರೆಯುತ್ತದೆ, ಇನ್ನೊಂದು ಸುಮ್ಮನೆ ಇರುತ್ತದೆ. ಸುಮ್ಮನಿರುವುದಕ್ಕೆ ಎಂಟಮೀಬಾ ಡಿಸ್ಪಾರ್ ಎಂದು ಹೆಸರಿಟ್ಟ. ಸೂಕ್ಷ್ಮದರ್ಶಕದಲ್ಲಿ ವ್ಯತ್ಯಾಸ ತೋರಿಸಲಾಗದ ಕಾರಣ ಐವತ್ತು ವರ್ಷ ಯಾರೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ದಶಕದ ಕೊನೆಗೆ ಕಿಣ್ವಗಳ ಪರೀಕ್ಷೆ, ಆಮೇಲೆ ಡಿಎನ್‌ಎ ಪರೀಕ್ಷೆ ಬಂದು ಅವನು ಹೇಳಿದ್ದೇ ನಿಜವಾಯಿತು. 1993ರಲ್ಲಿ ಡೈಮಂಡ್ ಮತ್ತು ಕ್ಲಾರ್ಕ್ ಎಂಬಿಬ್ಬರು ಎರಡೂ ಜಾತಿಗಳನ್ನು ವಿಧಿವತ್ತಾಗಿ ಬೇರ್ಪಡಿಸಿದರು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೂಡಿ ಸ್ಪಷ್ಟವಾಗಿ ಹೇಳಿದರು: ಬರಿಗಾಜಿನಲ್ಲಿ ನಾಲ್ಕು ನ್ಯೂಕ್ಲಿಯಸ್ಸಿನ ಸಿಸ್ಟ್ ಕಂಡರೆ ‘ಹಿಸ್ಟೊಲಿಟಿಕಾ ಅಥವಾ ಡಿಸ್ಪಾರ್’ ಎಂದು ಬರೆಯಬೇಕು, ಡಿಸ್ಪಾರ್‌ಗೆ ಔಷಧಿ ಬೇಡ, ಲಕ್ಷಣವಿಲ್ಲದವರಿಗೆ, ಬೇರೆ ಬಲವಾದ ಕಾರಣವಿಲ್ಲದಿದ್ದರೆ, ಕೇವಲ ಸಿಸ್ಟ್ ಕಂಡಿತೆಂದು ಔಷಧಿ ಕೊಡಬಾರದು. ಸಿಸ್ಟ್ ಹೊತ್ತವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿರುವುದು ಡಿಸ್ಪಾರ್ ಎಂಬುದು ಆಗಿನ ಅಂದಾಜು. ಉಳಿದ ಒಬ್ಬನಲ್ಲಿ ನಿಜವಾದ ಹಿಸ್ಟೊಲಿಟಿಕಾ ಇದ್ದರೂ, ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಅಂಥವರನ್ನು ವರ್ಷವಿಡೀ ಹಿಂಬಾಲಿಸಿ ನೋಡಿದಾಗ ಕಾಯಿಲೆ ಬಿದ್ದದ್ದು ಹತ್ತರಲ್ಲಿ ಒಬ್ಬನಿಗೆ ಮಾತ್ರ; ಮಿಕ್ಕವರಲ್ಲಿ ಅಮೀಬಾ ತಾನಾಗಿ ಹೊರಟುಹೋಯಿತು. ಈ ತೀರ್ಮಾನ ಬಂದು ಕಾಲು ಶತಮಾನ ದಾಟಿದೆ. ನಮ್ಮ ತಾಲ್ಲೂಕುಗಳಲ್ಲಿ ರಿಪೋರ್ಟಿನ ನಮೂನೆ ಮಾತ್ರ 1925ಕ್ಕಿಂತ ಹಿಂದೆ ನಿಂತಿದೆ. ಹಿಸ್ಟೊಲಿಟಿಕಾ ಎಂದು ಅಚ್ಚಾದ ಸಾಲಿನ ಮುಂದೆ ‘ಕಂಡಿದೆ’ ಎಂದು ತುಂಬುವ ಜಾಗವಷ್ಟೇ ಅದರಲ್ಲಿದೆ.

ಸರಿ, ಹತ್ತರಲ್ಲಿ ಒಂದು ಪಾಲಾದರೂ ಅಪಾಯದ್ದಲ್ಲವೇ, ಅದಕ್ಕಾಗಿ ಎಲ್ಲರಿಗೂ ಮೆಟ್ರೊನಿಡಜೋಲ್ ಕೊಟ್ಟರೆ ನಷ್ಟವೇನು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿ ಇದೆ. ಮೆಟ್ರೊನಿಡಜೋಲ್ ಸಣ್ಣಕರುಳಿನ ಮೇಲ್ಭಾಗದಲ್ಲೇ ಹೀರಲ್ಪಟ್ಟು ರಕ್ತ ಸೇರುತ್ತದೆ. ಕರುಳಿನ ಗೋಡೆಯೊಳಗೆ, ಪಿತ್ತಜನಕಾಂಗದೊಳಗೆ ನುಗ್ಗಿದ ಅಮೀಬಾವನ್ನು ಅದು ಚೆನ್ನಾಗಿ ಕೊಲ್ಲುತ್ತದೆ. ದೊಡ್ಡಕರುಳಿನ ಪೊಳ್ಳಿನಲ್ಲಿ ಮಲದ ಜೊತೆ ಕೂತ ಅಮೀಬಾ ಮತ್ತು ಅದರ ಸಿಸ್ಟ್‌ನ ಬಳಿಗೆ ಅದು ಸರಿಯಾಗಿ ತಲುಪುವುದೇ ಇಲ್ಲ. ಅಲ್ಲಿಗೆ ಬೇಕಾದದ್ದು ರಕ್ತಕ್ಕೆ ಹೆಚ್ಚು ಸೇರದೆ ಕರುಳಿನಲ್ಲೇ ಉಳಿಯುವ ಡೈಲೊಕ್ಸನೈಡ್ ಫ್ಯೂರೊಯೇಟ್ ಅಥವಾ ಪ್ಯಾರೊಮೊಮೈಸಿನ್. ಅಂದರೆ ಸಿಸ್ಟ್ ಕಂಡಾಗ ನಾವು ಬರೆಯುವ ಔಷಧಿ, ಆ ಸಿಸ್ಟ್ ನಿಜವಾಗಿ ಹಿಸ್ಟೊಲಿಟಿಕಾದ್ದೇ ಆಗಿದ್ದರೂ, ತಪ್ಪು ಔಷಧಿ. ಕೋರ್ಸ್ ಮುಗಿಸಿ ತಿಂಗಳ ಮೇಲೆ ಮತ್ತೆ ಮಲಪರೀಕ್ಷೆ ಮಾಡಿಸಿದರೆ ಸಿಸ್ಟ್ ಮತ್ತೆ ಕಾಣುತ್ತದೆ, ಮತ್ತೆ ಕೋರ್ಸ್. ‘ನಂಗೆ ಅಮೀಬಾ ಹತ್ತು ವರ್ಷದಿಂದ ಇದೆ’ ಎಂಬ ಮಾತು ಹುಟ್ಟುವುದು ಹೀಗೆ. ನಾಲಿಗೆಯ ಲೋಹದ ರುಚಿ, ವಾಕರಿಕೆ, ಮತ್ತೆ ಮತ್ತೆ ನುಂಗಿದಾಗ ಕಾಲಿನ ನರಗಳಲ್ಲಿ ಜೋಮು, ಇವು ಅದರ ನೇರ ಬೆಲೆ. ಅದಕ್ಕಿಂತ ದೊಡ್ಡ ಬೆಲೆ ಆ ಐದೈದು ದಿನಗಳ ಸರಣಿಯಲ್ಲಿ ಕಳೆದುಹೋಗುವ ತಿಂಗಳುಗಳು.

ಇದಕ್ಕೆ ಬರುವ ಗಂಭೀರ ಆಕ್ಷೇಪ ಒಂದುಂಟು. ಆಮಶಂಕೆ ನಮ್ಮಲ್ಲಿ ಸುಳ್ಳಲ್ಲ, ಪಿತ್ತಜನಕಾಂಗದ ಅಮೀಬಾ ಕೀವು ಸುಳ್ಳಲ್ಲ. ಕುಡಿತದ ಅಭ್ಯಾಸವಿರುವ ನಡುವಯಸ್ಸಿನ ಗಂಡಸರು ಜ್ವರ, ಬಲಪಕ್ಕೆಯ ನೋವು ಎಂದು ಬಂದು ಸ್ಕ್ಯಾನ್‌ನಲ್ಲಿ ಕೀವುಗೂಡು ಕಾಣುವುದು ಜಿಲ್ಲೆಯ ಯಾವ ವೈದ್ಯರಿಗೂ ಹೊಸದಲ್ಲ. ಇದು ನಿಜ. ಆದರೆ ಇದು ನನ್ನ ವಾದವನ್ನೇ ಬಲಪಡಿಸುತ್ತದೆ. ಪಿತ್ತಜನಕಾಂಗದಲ್ಲಿ ಕೀವಾದ ಬಹುಪಾಲು ರೋಗಿಗಳ ಮಲದಲ್ಲಿ ಅಮೀಬಾ ಕಾಣುವುದೇ ಇಲ್ಲ. ಆ ಕಾಯಿಲೆ ಗೊತ್ತಾಗುವುದು ಅಲ್ಟ್ರಾಸೌಂಡ್‌ನಿಂದ ಮತ್ತು ರಕ್ತದ ಪರೀಕ್ಷೆಯಿಂದ. ಆಮಶಂಕೆಯಲ್ಲಿ ನೋಡಬೇಕಾದದ್ದು ಸಿಸ್ಟ್ ಅಲ್ಲ. ಕೆಂಪು ರಕ್ತಕಣವನ್ನು ನುಂಗಿ ಓಡಾಡುವ ಜೀವಂತ ಅಮೀಬಾ. ಅದು ಕಾಣಬೇಕಾದರೆ ಲೋಳೆ ರಕ್ತ ಬೆರೆತ ನೀರುಮಲವನ್ನು ಹೋದ ಅರ್ಧ ಗಂಟೆಯೊಳಗೆ ಗಾಜಿನ ಮೇಲೆ ಇಡಬೇಕು. ಕೊಣನೂರಿನ ಆಚೆಯ ಹಳ್ಳಿಯಿಂದ ಬೆಳಗ್ಗೆ ಆರಕ್ಕೆ ಡಬ್ಬಿಗೆ ಹಾಕಿ, ಬಸ್ಸಿನಲ್ಲಿ ಅರಕಲಗೂಡಿಗೆ ತಂದು, ಹನ್ನೊಂದಕ್ಕೆ ಲ್ಯಾಬಿಗೆ ಕೊಟ್ಟ ಮಲದಲ್ಲಿ ಆ ಅಮೀಬಾ ಸತ್ತು ಕರಗಿರುತ್ತದೆ. ಮೂತ್ರ ಬೆರೆತರೆ ಇನ್ನೂ ಬೇಗ. ಗಟ್ಟಿಮಲದಲ್ಲಿ ಸಿಸ್ಟ್ ಇರುವುದು ಅಮೀಬಾ ಕರುಳಿನ ಪೊಳ್ಳಿನಲ್ಲಿ ನೆಮ್ಮದಿಯಾಗಿದೆ ಎಂಬುದರ ಗುರುತು. ಗೋಡೆ ಕೊರೆಯುತ್ತಿದೆ ಎಂಬುದರ ಗುರುತಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಂಡೇ ಮುಂದೆ ಹೋಗಬೇಕು: ಅಮೀಬಾ ಕರುಳನ್ನು ಕೊರೆದಿದ್ದರೆ ಮಲದಲ್ಲಿ ರಕ್ತ ಬಹುತೇಕ ಇದ್ದೇ ಇರುತ್ತದೆ. ನಮ್ಮ ರೂಢಿ ಈ ಮಾತನ್ನು ಹಿಂದುಮುಂದಾಗಿಸಿ, ರಕ್ತ ಇದ್ದು ಸಿಸ್ಟ್ ಇದ್ದರೆ ಅಮೀಬಾ ಕೊರೆದಿದೆ ಎಂದು ಓದುತ್ತದೆ. ಹೊಟ್ಟೆ ಹಿಂಡುವ ನೋವಿಲ್ಲ, ದಿನಕ್ಕೆ ಹತ್ತು ಸಲ ಹೋಗುವುದಿಲ್ಲ, ಲೋಳೆಯಿಲ್ಲ, ಮಲ ಗಟ್ಟಿಯಾಗಿದೆ, ಆದರೂ ಆಕಲ್ಟ್ ಬ್ಲಡ್ ಪಾಸಿಟಿವ್ ಇದೆ ಎಂದಾದರೆ ಆ ರಕ್ತಕ್ಕೂ ಆ ಸಿಸ್ಟ್‌ಗೂ ಒಂದೇ ಡಬ್ಬಿಯಲ್ಲಿ ಬಂದದ್ದನ್ನು ಬಿಟ್ಟರೆ ನಂಟು ತೋರಿಸುವ ಆಧಾರವಿಲ್ಲ.

ಸಿಸ್ಟ್‌ಗಳಲ್ಲಿ ಜಿಯಾರ್ಡಿಯಾದ್ದು ಬೇರೆ ಮಾತು. ಮೊಟ್ಟೆಯಾಕಾರದ ಆ ಸಣ್ಣ ಸಿಸ್ಟ್, ವಾರಗಟ್ಟಲೆ ಜಿಡ್ಡುಭೇದಿ, ಹೊಟ್ಟೆಯುಬ್ಬರ ಇರುವ ಮಗುವಿನಲ್ಲಿ ಕಂಡರೆ ಔಷಧಿ ಬೇಕು. ಆದರೆ ಜಿಯಾರ್ಡಿಯಾ ಕೂಡ ರಕ್ತ ಸುರಿಸುವುದಿಲ್ಲ.

ಇನ್ನು ಮೊಟ್ಟೆ. ಇಲ್ಲಿ ವಿಷಯ ಸೂಕ್ಷ್ಮ, ಏಕೆಂದರೆ ಕೊಕ್ಕೆಹುಳು ನಿಜವಾಗಿಯೂ ರಕ್ತ ಕುಡಿಯುತ್ತದೆ. ಹೇಮಾವತಿ, ಕಾವೇರಿ ನಾಲೆಗಳ ತೇವದ ಗದ್ದೆ, ಶುಂಠಿಯ ಹೊಲ, ತೆಂಗಿನ ತೋಟದ ನೆರಳು, ಬರಿಗಾಲು, ಬಯಲಿಗೆ ಹೋಗುವ ಉಳಿದ ಅಭ್ಯಾಸ, ಇವಿಷ್ಟು ಇದ್ದಲ್ಲಿ ಅದರ ಮರಿ ಪಾದದ ಚರ್ಮ ತೂರಿ ಒಳಬರುತ್ತದೆ. ಹಾಗಾಗಿ ಕೊಕ್ಕೆಹುಳುವಿನ ಮೊಟ್ಟೆ ಕಂಡಾಗ ಅದನ್ನು ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ, ಆಲ್ಬೆಂಡಜೋಲ್ ಕೊಡಲೇಬೇಕು. ಕೇಳಬೇಕಾದದ್ದು ಎಷ್ಟು ಮೊಟ್ಟೆ ಎಂದು. ಒಂದು ಗಾಜಿನ ಮೇಲೆ ಇಡುವ ಮಲ ಸುಮಾರು ಎರಡು ಮಿಲಿಗ್ರಾಂ. ಇಡೀ ಗಾಜು ನೋಡಿ ಒಂದು ಮೊಟ್ಟೆ ಸಿಕ್ಕರೆ ಗ್ರಾಂ ಒಂದಕ್ಕೆ ಸುಮಾರು 500 ಮೊಟ್ಟೆ ಎಂದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2,000ಕ್ಕಿಂತ ಕಡಿಮೆಯಿದ್ದರೆ ಹಗುರ ಸೋಂಕು, 4,000 ಮುಟ್ಟಿದರೆ ಭಾರಿ. ದಿನಕ್ಕೆ 200 ಗ್ರಾಂ ಮಲ ಹೋಗುವವನಲ್ಲಿ 500ರಂತೆ ದಿನಕ್ಕೆ ಒಂದು ಲಕ್ಷ ಮೊಟ್ಟೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ನೆಕೇಟರ್ ಎಂಬ ಕೊಕ್ಕೆಹುಳುವಿನ ಹೆಣ್ಣು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಯಿಡುತ್ತದೆ. ಅಂದರೆ ಹತ್ತಿಪ್ಪತ್ತು ಹೆಣ್ಣು, ಅಷ್ಟೇ ಗಂಡು, ಒಟ್ಟು ಇಪ್ಪತ್ತರಿಂದ ನಲವತ್ತು ಹುಳು. ಒಂದೊಂದು ದಿನಕ್ಕೆ ಹೀರುವ ರಕ್ತ ಸುಮಾರು 0.03 ಮಿಲಿಲೀಟರ್. ಎಲ್ಲ ಸೇರಿ ದಿನಕ್ಕೆ 0.6ರಿಂದ 1.2 ಮಿಲಿಲೀಟರ್, ತಿಂಗಳಿಗೆ ಹದಿನೆಂಟರಿಂದ ಮೂವತ್ತಾರು. ಒಬ್ಬ ಹೆಣ್ಣುಮಗಳಿಗೆ ಸಾಧಾರಣ ಮುಟ್ಟಿನಲ್ಲಿ ಹೋಗುವಷ್ಟು ರಕ್ತ ಇದು. ರಾಗಿ, ಸೊಪ್ಪಿನಿಂದ ಕಬ್ಬಿಣ ಕಷ್ಟಪಟ್ಟು ಹೀರಿಕೊಳ್ಳುವ ದೇಹದಲ್ಲಿ ಇದೂ ಒಂದು ಸೋರಿಕೆ, ಒಪ್ಪಿದೆ. ಆದರೆ ಐವತ್ತು ದಾಟಿದ ಗಂಡಸಿನ ಹಿಮೋಗ್ಲೋಬಿನ್ನನ್ನು ಒಂಬತ್ತಕ್ಕೆ ಇಳಿಸಲು ಇದೊಂದೇ ಸಾಕು ಎಂದು ಫೈಲು ಮುಚ್ಚುವ ಧೈರ್ಯ ಈ ಲೆಕ್ಕ ನೋಡಿದವರಿಗೆ ಬರಬಾರದು. ಗಾಜಿನ ತುಂಬ ಮೊಟ್ಟೆಯಿದ್ದರೆ ಕಥೆಯೇ ಬೇರೆ. ಆಗ ದಿನಕ್ಕೆ ಐದು, ಹತ್ತು ಮಿಲಿಲೀಟರ್ ಹೋಗುತ್ತಿರುತ್ತದೆ, ರಕ್ತಹೀನತೆಗೆ ಅದು ಪೂರ್ಣ ಕಾರಣವೇ ಆಗಬಹುದು. ‘ಕಂಡಿದೆ’ ಎಂಬ ಒಂದೇ ಪದ ಈ ಎರಡು ಸ್ಥಿತಿಗಳನ್ನೂ ಒಂದೇ ಮಾಡಿಬಿಡುತ್ತದೆ. ದುಂಡುಹುಳು, ಚಾಟಿಹುಳುಗಳ ಮೊಟ್ಟೆಯ ಬಗ್ಗೆ ಇಷ್ಟು ಹೇಳಬೇಕಾಗಿಲ್ಲ. ದುಂಡುಹುಳು ರಕ್ತ ಕುಡಿಯುವುದಿಲ್ಲ, ಚಾಟಿಹುಳು ರಕ್ತ ತರುವುದು ಮಕ್ಕಳಲ್ಲಿ ಸಾವಿರಗಟ್ಟಲೆ ಮೊಟ್ಟೆಯ ಭಾರಿ ಸೋಂಕಿದ್ದಾಗ.

ಈಗ ಮೂರನೆಯ ಸಾಲಿಗೆ ಬರೋಣ. ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಹಳೆಯ ವಿಧಾನ ಗ್ವಾಯಕ್ ಎಂಬ ಮರದಂಟಿನದು. ಮಲ ಸವರಿದ ಕಾಗದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ, ರಕ್ತದ ಹೀಮ್ ಇದ್ದಲ್ಲಿ ಅಂಟು ನೀಲಿಗೆ ತಿರುಗುತ್ತದೆ. ಆ ನೀಲಿಗೆ ಮನುಷ್ಯರ ರಕ್ತವೇ ಬೇಕೆಂದಿಲ್ಲ. ಹಿಂದಿನ ದಿನದ ಬಾಡೂಟದ ಕುರಿಮಾಂಸ, ಈಲಿ, ಹಸಿ ಮೂಲಂಗಿ, ಹೂಕೋಸು ಕೂಡ ಸಾಕು. ಮಂಡಿನೋವಿಗೆ ನುಂಗುವ ಡೈಕ್ಲೊಫೆನಾಕ್, ಹೃದಯಕ್ಕೆ ನುಂಗುವ ಆಸ್ಪಿರಿನ್ ಹೊಟ್ಟೆಯಿಂದ ನಿಜವಾಗಿಯೇ ರಕ್ತ ಒಸರಿಸುತ್ತವೆ. ಇನ್ನೊಂದು ಕಡೆ, ನೆಲ್ಲಿಕಾಯಿ, ನಿಂಬೆ, ವಿಟಮಿನ್ ಸಿ ಮಾತ್ರೆ ಹೆಚ್ಚಾಗಿ ತಿಂದಿದ್ದರೆ ರಕ್ತವಿದ್ದರೂ ನೀಲಿ ಬರದೆ ಹೋಗಬಹುದು. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆಯೇ ಹೊರತು ಪರೀಕ್ಷೆಯನ್ನು ಪಾಸಿಟಿವ್ ಮಾಡುವುದಿಲ್ಲ. ‘ಟಾನಿಕ್ ಕುಡೀತಿದ್ದೆ, ಅದಕ್ಕೇ ಬಂದಿದೆ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಹೊಸ ವಿಧಾನ ಮನುಷ್ಯರ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಭಾಗವನ್ನು ಹಿಡಿಯುವ ಪ್ರತಿಕಾಯದ ಕಾರ್ಡ್. ಅದಕ್ಕೆ ಕುರಿಮಾಂಸವೂ ಮೂಲಂಗಿಯೂ ಲೆಕ್ಕಕ್ಕಿಲ್ಲ. ಆದರೆ ಹೊಟ್ಟೆ, ಸಣ್ಣಕರುಳಿನಲ್ಲಿ ಸೋರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗುವುದರಿಂದ ಆ ಕಾರ್ಡ್ ಮುಖ್ಯವಾಗಿ ದೊಡ್ಡಕರುಳಿನ ರಕ್ತವನ್ನೇ ತೋರಿಸುತ್ತದೆ. ಕೊಕ್ಕೆಹುಳು ಇರುವುದು ಸಣ್ಣಕರುಳಿನಲ್ಲಿ. ಹಾಗಾಗಿ ಕಾರ್ಡ್ ಪಾಸಿಟಿವ್ ಬಂದಾಗ ಕೊಕ್ಕೆಹುಳುವಿನ ಒಂದೆರಡು ಮೊಟ್ಟೆಯನ್ನು ಕಾರಣವಾಗಿ ತೋರಿಸುವುದು ಪರೀಕ್ಷೆಯ ಸ್ವಭಾವಕ್ಕೇ ವಿರುದ್ಧ. ಗ್ವಾಯಕ್‌ನಲ್ಲಿಯೂ ಹಗುರ ಸೋಂಕಿನ ಒಂದು ಮಿಲಿಲೀಟರ್ ರಕ್ತ ಸಾಮಾನ್ಯವಾಗಿ ನೀಲಿ ತರಲಾರದು. ಆರೋಗ್ಯವಂತರ ಕರುಳಿನಿಂದಲೂ ದಿನಕ್ಕೆ ಅಷ್ಟು ಹೋಗುತ್ತಿರುತ್ತದೆ.

ಒಂದು ರಿಪೋರ್ಟನ್ನು ಉದಾಹರಣೆಗೆ ಎದುರಿಗಿಟ್ಟುಕೊಂಡು ಈ ಮಾತನ್ನು ಒರೆಗೆ ಹಚ್ಚೋಣ. ಐವತ್ತೈದು ವರ್ಷದ ಕೃಷಿಕ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.2, ಕೆಂಪುಕಣದ ಗಾತ್ರ 68, ಅಂದರೆ ಕಬ್ಬಿಣದ ಕೊರತೆಯ ಚಿತ್ರ. ಮಲ ಅರೆಗಟ್ಟಿ, ಕಂದು ಬಣ್ಣ, ಕೀವುಕಣ ಮೂರು ನಾಲ್ಕು, ಕೆಂಪುಕಣ ಇಲ್ಲ, ಅಮೀಬಾ ಸಿಸ್ಟ್ ಕಂಡಿದೆ, ಕೊಕ್ಕೆಹುಳುವಿನ ಮೊಟ್ಟೆ ಗಾಜಿಗೆ ಒಂದು, ಕಾರ್ಡ್‌ನಲ್ಲಿ ಆಕಲ್ಟ್ ಬ್ಲಡ್ ಪಾಸಿಟಿವ್. ರೂಢಿಯ ಓದು ಮೇಲೆ ಹೇಳಿದ ಚೀಟಿಯಲ್ಲಿ ಮುಗಿಯುತ್ತದೆ. ಆರು ವಾರದ ಮೇಲೆ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಏರಿರುತ್ತದೆ, ‘ನೋಡಿ, ಹುಳ ಸತ್ತಿತು, ರಕ್ತ ಏರಿತು’ ಎನ್ನುತ್ತಾರೆ. ಏರಿದ್ದು ಕಬ್ಬಿಣದ ಮಾತ್ರೆಯಿಂದ. ದೊಡ್ಡಕರುಳಿನ ಬಲಭಾಗದಲ್ಲಿ ಗಡ್ಡೆಯಿದ್ದು ದಿನಾ ಸ್ವಲ್ಪ ಸ್ವಲ್ಪ ರಕ್ತ ಸೋರುತ್ತಿದ್ದರೂ, ಸೋರುವುದಕ್ಕಿಂತ ಹೆಚ್ಚು ಕಬ್ಬಿಣ ನುಂಗಿದರೆ ಹಿಮೋಗ್ಲೋಬಿನ್ ಏರುತ್ತದೆ. ಆ ಭಾಗದಲ್ಲಿ ಕರುಳು ಅಗಲ, ಮಲ ನೀರಾಗಿರುತ್ತದೆ. ಮಲಬದ್ಧತೆಯಾಗಲಿ ಕೆಂಪು ರಕ್ತವಾಗಲಿ ಕಾಣದೆ ಗಡ್ಡೆ ಬೆಳೆಯುತ್ತದೆ. ಅದು ಕೊಡುವ ಮೊದಲ ಸುಳಿವೇ ಎಷ್ಟೋ ಸಲ ಈ ರಕ್ತಹೀನತೆ. ಸರಿಯಾದ ಓದು ಹೀಗಿರಬೇಕಿತ್ತು: ಸಿಸ್ಟ್, ಲಕ್ಷಣವಿಲ್ಲ, ಬಿಟ್ಟುಬಿಡಿ. ಮೊಟ್ಟೆ, ಹಗುರ ಸೋಂಕು, ಆಲ್ಬೆಂಡಜೋಲ್ 400 ಮಿಲಿಗ್ರಾಂ ಕೊಡಿ. ಗಂಡಸಿನಲ್ಲಿ ಕಬ್ಬಿಣದ ಕೊರತೆಯ ಜೊತೆಗೆ ದೊಡ್ಡಕರುಳಿನ ರಕ್ತ, ಕಬ್ಬಿಣದ ಮಾತ್ರೆ ಶುರುಮಾಡಿ, ಕೊಲೊನೊಸ್ಕೋಪಿಯನ್ನೂ ಹೊಟ್ಟೆಯ ಎಂಡೊಸ್ಕೋಪಿಯನ್ನೂ ಮಾಡಿಸಿ. ದಕ್ಷಿಣ ಭಾರತದಲ್ಲಿ ಹೊಟ್ಟೆಯ ಕ್ಯಾನ್ಸರ್ ಉತ್ತರಕ್ಕಿಂತ ಹೆಚ್ಚು ಎಂಬುದು ಎರಡನೆಯದಕ್ಕೆ ಇನ್ನೊಂದು ಕಾರಣ. ಇಪ್ಪತ್ತೈದರ ಹೆಣ್ಣುಮಗಳು, ಮುಟ್ಟಿನಲ್ಲಿ ಹೆಚ್ಚು ಸ್ರಾವ, ಮಲದಲ್ಲಿ ಮೊಟ್ಟೆ ಎಂದಿದ್ದರೆ ಇಷ್ಟು ದೂರ ಹೋಗಬೇಕಾಗಿಲ್ಲ. ಒಂದೇ ಫಲಿತಾಂಶಕ್ಕೆ ವಯಸ್ಸು ನೋಡಿ ಬೇರೆ ಅರ್ಥ ಬರುತ್ತದೆ.

‘ರಕ್ತ ಮೂಲವ್ಯಾಧಿಯದು’ ಎಂಬ ಇನ್ನೊಂದು ಸಮಾಧಾನ ನಮ್ಮಲ್ಲಿ ಅಮೀಬಾದಷ್ಟೇ ಪ್ರಬಲ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ, ಮಲದ ಮೇಲೆ ಕೆಂಪಗೆ, ತೊಟ್ಟು ತೊಟ್ಟಾಗಿ. ಗುಪ್ತರಕ್ತಕ್ಕೆ ಅದು ಕಾರಣವಾಗಬಾರದೆಂದಿಲ್ಲ. ಆದರೆ ನಲವತ್ತೈದು ದಾಟಿದವರಲ್ಲಿ ಮೂಲವ್ಯಾಧಿ ಎಷ್ಟು ಸಾಮಾನ್ಯವೆಂದರೆ, ಕರುಳಿನ ಗಡ್ಡೆ ಇರುವವರಲ್ಲೂ ಅದು ಇರುತ್ತದೆ. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದಿರಲು ಅದು ನೆಪವಾಗಬಾರದು.

ನನ್ನ ವಾದಕ್ಕೆ ಎದುರಾಗಿ ಅಂಕಿಯನ್ನೇ ತೋರಿಸುವವರೂ ಇದ್ದಾರೆ. ಪಾಸಿಟಿವ್ ಬಂದವರಲ್ಲಿ ಕ್ಯಾನ್ಸರ್ ಇರುವವರು ಕೆಲವೇ ಮಂದಿ, ನಮ್ಮ ದೇಶದಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಪಶ್ಚಿಮಕ್ಕಿಂತ ಕಡಿಮೆ, ಹೀಗಿರುವಾಗ ಎಲ್ಲರಿಗೂ ಕೊಳವೆ ಹಾಕಿಸಬೇಕೇ ಎನ್ನುತ್ತಾರೆ. ಎರಡೂ ಮಾತು ನಿಜ. ಪಾಸಿಟಿವ್ ಬಂದ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ, ಇದನ್ನು ರೋಗಿಗೆ ಮೊದಲೇ ಹೇಳಬೇಕು. ಆದರೆ ಅವರಲ್ಲಿ ಹಲವರಿಗೆ ಮುಂದೆ ಕ್ಯಾನ್ಸರ್ ಆಗಬಲ್ಲ ಪಾಲಿಪ್, ಹುಣ್ಣು, ಕರುಳಿನ ಉರಿಯೂತ ಸಿಗುತ್ತದೆ. ಅಮೆರಿಕದ ಮಿನೆಸೋಟಾದಲ್ಲಿ 46,551 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿವರ್ಷ ಗುಪ್ತರಕ್ತ ಪರೀಕ್ಷೆ ಮಾಡಿದ ಗುಂಪಿನಲ್ಲಿ ಹದಿಮೂರು ವರ್ಷಗಳಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗ ಇಳಿಯಿತು. ಇಳಿಸಿದ್ದು ಕಾಗದದ ನೀಲಿ ಬಣ್ಣವಲ್ಲ. ಪಾಸಿಟಿವ್ ಬಂದವರನ್ನು ಕೊಲೊನೊಸ್ಕೋಪಿಗೆ ಕಳಿಸಿದ್ದು. ಪಾಸಿಟಿವ್ ಬಂದು ಅಲ್ಲಿಗೆ ಹೋಗದ ಪರೀಕ್ಷೆಗೆ ಯಾವ ಲಾಭವೂ ಇಲ್ಲ. ಕಳಿಸುವ ಇರಾದೆಯಿಲ್ಲದಿದ್ದರೆ ಅದನ್ನು ಬರೆಯದಿರುವುದೇ ಪ್ರಾಮಾಣಿಕತೆ.

ಇದೇ ಕಾರಣಕ್ಕೆ, ಔಷಧಿ ಕೊಟ್ಟು ‘ನೆಗೆಟಿವ್ ಆಗುವವರೆಗೆ ಮತ್ತೆ ಮಾಡಿಸೋಣ’ ಎಂಬ ಅಭ್ಯಾಸವನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಗಡ್ಡೆಯಿಂದ ರಕ್ತ ದಿನವೂ ಬರುವುದಿಲ್ಲ. ಬಿಟ್ಟು ಬಿಟ್ಟು ಬರುತ್ತದೆ, ಮಲದ ಎಲ್ಲ ಭಾಗದಲ್ಲೂ ಇರುವುದಿಲ್ಲ. ಅದಕ್ಕೇ ಗ್ವಾಯಕ್ ಪರೀಕ್ಷೆಯನ್ನು ಮೂರು ದಿನದ ಮಲದಿಂದ ಎರಡೆರಡು ಸ್ಯಾಂಪಲ್‌ನಂತೆ ಆರು ತೆಗೆಯಬೇಕೆಂಬ ನಿಯಮ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಲೊನೊಸ್ಕೋಪಿಯಲ್ಲಿ ಕ್ಯಾನ್ಸರ್ ಅಥವಾ ಮುಂದುವರಿದ ಪಾಲಿಪ್ ಸಿಕ್ಕವರ ಪೈಕಿ, ವೈದ್ಯರು ಬೆರಳಿನಿಂದ ತೆಗೆದ ಒಂದೇ ಸ್ಯಾಂಪಲ್ಲು ಪಾಸಿಟಿವ್ ತೋರಿಸಿದ್ದು ನೂರಕ್ಕೆ ಐದು ಮಂದಿಯಲ್ಲಿ ಮಾತ್ರ. ಆರು ಸ್ಯಾಂಪಲ್ಲಿನ ಪರೀಕ್ಷೆ ತೋರಿಸಿದ್ದು ಇಪ್ಪತ್ತನಾಲ್ಕರಲ್ಲಿ. ಹಾಗಿರುವಾಗ ಒಂದು ಪಾಸಿಟಿವ್ ಬಂದ ಮೇಲೆ ಎರಡನೆಯದು ನೆಗೆಟಿವ್ ಬಂದರೆ ಮೊದಲನೆಯದು ಸುಳ್ಳಾಗುವುದಿಲ್ಲ. ಮೊದಲಿಂದಲೂ ನೆಗೆಟಿವ್ ಇದ್ದು ಗಂಡಸಿಗೋ ಮುಟ್ಟು ನಿಂತ ಹೆಂಗಸಿಗೋ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ, ಆ ನೆಗೆಟಿವ್ ಕೂಡ ಯಾರನ್ನೂ ಬಿಡುಗಡೆ ಮಾಡುವುದಿಲ್ಲ.

ಕೊನೆಯ ಆಕ್ಷೇಪ ದೂರದ್ದು, ದುಡ್ಡಿನದು. ಕೊಲೊನೊಸ್ಕೋಪಿ ಪ್ರತಿ ತಾಲ್ಲೂಕಿನಲ್ಲಿ ಸಿಗುವುದಿಲ್ಲ, ಹಿಂದಿನ ರಾತ್ರಿ ಕರುಳು ತೊಳೆಯುವ ಔಷಧಿ ಕುಡಿಯಬೇಕು, ಜೊತೆಗೊಬ್ಬರು ಬೇಕು, ಎರಡು ದಿನದ ಕೂಲಿ ಹೋಗುತ್ತದೆ. ಈ ಕಷ್ಟವನ್ನು ಹಗುರ ಮಾಡಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅರಕಲಗೂಡಿನಿಂದಾಗಲಿ, ಹೊಳೆನರಸೀಪುರದಿಂದಾಗಲಿ, ಚನ್ನರಾಯಪಟ್ಟಣದಿಂದಾಗಲಿ ಹಾಸನ ಮೂವತ್ತು ನಲವತ್ತು ಕಿಲೋಮೀಟರು. ತಡವಾಗಿ ಗೊತ್ತಾದ ಗಡ್ಡೆಗೆ ಬೆಂಗಳೂರಿನ ಕಿದ್ವಾಯಿಗೆ ಓಡಾಡುವ ದೂರ ಅದರ ನಾಲ್ಕೈದು ಪಟ್ಟು, ಅದೂ ಒಂದು ಸಲವಲ್ಲ. ಸಿಸ್ಟ್ ಕಂಡವರನ್ನೆಲ್ಲ ಕಳಿಸಬೇಕೆಂದು ನಾನು ಕೇಳುತ್ತಿಲ್ಲ. ಅವರನ್ನು ಮಾತ್ರೆಯಿಂದಲೂ ಬಿಡಿಸಬೇಕೆಂದು ಕೇಳುತ್ತಿದ್ದೇನೆ. ಕಳಿಸಬೇಕಾದವರು ಕಡಿಮೆ: ನಲವತ್ತೈದು ದಾಟಿ ಗುಪ್ತರಕ್ತ ಇರುವವರು, ಕಬ್ಬಿಣದ ಕೊರತೆಯಿರುವ ಗಂಡಸರು ಮತ್ತು ಮುಟ್ಟು ನಿಂತವರು, ತೂಕ ಇಳಿದವರು, ಮಲದ ರೂಢಿ ವಾರಗಟ್ಟಲೆ ಬದಲಾದವರು, ಒಡಹುಟ್ಟಿದವರಲ್ಲೋ ಹೆತ್ತವರಲ್ಲೋ ಈ ಕ್ಯಾನ್ಸರ್ ಇದ್ದವರು. ಈ ಕೊನೆಯ ಮೂರು ಗುಂಪಿನಲ್ಲಿ ಮೂವತ್ತೈದರವರನ್ನೂ ಬಿಡಬಾರದು, ಭಾರತದ ಈ ಕ್ಯಾನ್ಸರ್ ರೋಗಿಗಳಲ್ಲಿ ಐವತ್ತರೊಳಗಿನವರ ಪಾಲು ಪಶ್ಚಿಮಕ್ಕಿಂತ ಹೆಚ್ಚು.

ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ರಿಪೋರ್ಟಿನ ನಮೂನೆ ತಿದ್ದಿದರೆ ಅರ್ಧ ಕೆಲಸ ಆಗುತ್ತದೆ. ಹಿಸ್ಟೊಲಿಟಿಕಾ ಎಂಬ ಅಚ್ಚಿನ ಸಾಲಿನ ಬದಲು ‘ಎಂಟಮೀಬಾ ಸಿಸ್ಟ್, ಹಿಸ್ಟೊಲಿಟಿಕಾ ಅಥವಾ ಡಿಸ್ಪಾರ್, ಬರಿಗಾಜಿನಲ್ಲಿ ಬೇರ್ಪಡಿಸಲಾಗದು’ ಎಂದಿರಲಿ. ರಕ್ತಕಣ ನುಂಗಿದ ಅಮೀಬಾ ಕಂಡರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಲಿ. ಮೊಟ್ಟೆ ಇಡೀ ಗಾಜಿಗೆ ಎಷ್ಟು ಸಿಕ್ಕಿತು ಎಂಬ ಸಂಖ್ಯೆ ಇರಲಿ. ಸ್ಯಾಂಪಲ್ ಹೋದ ಹೊತ್ತು, ಗಾಜಿನ ಮೇಲೆ ಇಟ್ಟ ಹೊತ್ತು ಎರಡೂ ಇರಲಿ. ಆಕಲ್ಟ್ ಬ್ಲಡ್‌ನ ಎದುರು ಅದು ಗ್ವಾಯಕ್ ವಿಧಾನವೋ ಪ್ರತಿಕಾಯದ ಕಾರ್ಡೋ ಎಂದು ಬರೆಯಲಿ. ಅದರ ಕೆಳಗೆ ರೋಗಿಯ ವಯಸ್ಸನ್ನೂ ಹಿಮೋಗ್ಲೋಬಿನ್ನನ್ನೂ ಇನ್ನೊಮ್ಮೆ ಅಚ್ಚು ಹಾಕಲಿ. ಚೀಟಿ ಬರೆಯುವ ವೈದ್ಯರ ಕಣ್ಣಿಗೆ ರಕ್ತದ ಸಾಲಿನ ಪಕ್ಕದಲ್ಲೇ ಅವೆರಡೂ ಬೀಳುತ್ತವೆ.